ನೀಲಿ ಅಕ್ಷರದ ಉತ್ತರ

ಮೇಡಂ ಕಳಿಸಿದ ಮೇಲ್‌ನಲ್ಲಿ ‘ಸಂಜೆಯೊಳಗೆ ಉತ್ತರಿಸಿ’ ಎಂದಿತ್ತೋ ‘ಇವತ್ತೇ ಉತ್ತರಿಸಿ’ ಎಂದಿತ್ತೋ, ಈಗ ಆಣೆ ಮಾಡಿ ಹೇಳಲಾರೆ. ಆದರೆ ಅದನ್ನು ಓದಿದಾಗ ಕಿವಿ ಬಿಸಿಯಾದದ್ದು ಮಾತ್ರ ನಿಜ.

ಹಾಸ್ಟೆಲ್‌ಗಳ ಬೋರ್‌ವೆಲ್ ನೀರಿನಿಂದ ಕಬ್ಬಿಣದ ಅಂಶ ತೆಗೆಯುವ ಫಿಲ್ಟರ್ ಕೂರಿಸುವುದು ನಮ್ಮ ಸಂಸ್ಥೆಯ ಕೆಲಸ. ಸಾಗರದ ಕಚೇರಿಯಲ್ಲಿ ನಾನು ಮತ್ತು ಲೆಕ್ಕ ನೋಡುವ ಅಕ್ಕ. ಹೊಸನಗರ, ತೀರ್ಥಹಳ್ಳಿಗೆ ಓಡಾಡುವವನು ಒಬ್ಬನೇ ಟೆಕ್ನಿಷಿಯನ್. ಮೇಡಂ ನಮ್ಮ ಮ್ಯಾನೇಜರ್, ಇರುವುದು ಶಿವಮೊಗ್ಗದಲ್ಲಿ.

ಮೇಲ್‌ನಲ್ಲಿ ಅವರು ಬರೆದಿದ್ದರು: ಹೊಸನಗರದ ನೀರಿನ ಸ್ಯಾಂಪಲ್ ಇನ್ನೂ ಲ್ಯಾಬಿಗೆ ಹೋಗಿಲ್ಲವೆಂದು ನಿಮ್ಮ ವರದಿಯೇ ಹೇಳುತ್ತದೆ, ಟೆಕ್ನಿಷಿಯನ್ನನ್ನು ಬದಲಿಸೋಣ. ಅದರ ಒಂದು ಪ್ರತಿ ಮುಖ್ಯ ಕಚೇರಿಗೂ ಹೋಗಿತ್ತು.

ಅಷ್ಟರಲ್ಲಿ ಅವನದೇ ಫೋನ್. ಮೇಡಂ ಅವನ ಜೊತೆಗೂ ಮಾತಾಡಿದ್ದರು.

“ಎಂತ ಸಾರ್ ಇದು? ಸ್ಯಾಂಪಲ್ ಕೊಟ್ಟೇ ಇಲ್ಲ ಅಂತ ಬರ್ದೀರಂತೆ? ಬಸ್ಸಲ್ಲಿ ಬಾಟ್ಲಿನ ಮಗು ಹಂಗೆ ತೊಡೆ ಮೇಲಿಟ್ಕಂಡು ಹೋಗಿದ್ದೆ ಮಾರಾಯ್ರೆ!”

“ನಾನು ಹಾಗೆ ಬರೆದೇ ಇಲ್ಲ” ಎಂದೆ.

“ಹಂಗಾರೆ ಯಾರು ಬರ್ದ್ರು?”

ಕೊಟ್ಟಾಗಿದೆ ಎಂದು ಮೊದಲ ಸಾಲಿನಲ್ಲೇ ಬರೆದದ್ದು ನನಗೆ ಕಣ್ಣಿಗೆ ಕಟ್ಟಿದಂತೆ ನೆನಪಿತ್ತು. ‘ನೀವು ಸರಿಯಾಗಿ ಓದಿಲ್ಲ’ ಎಂದು ಟೈಪ್ ಮಾಡಿದೆ. ಅಕ್ಕ ಹಿಂದಿನಿಂದ ಇಣುಕಿದರು.

“ಮೊದ್ಲು ನೀವು ಓದಿದೀರಾ?”

“ಬರೆದವನೇ ನಾನು ಅಕ್ಕ.”

“ಮೊನ್ನೆ ಬೀಗದ ಕೈ ನನ್ ಹತ್ರನೇ ಕೊಟ್ಟೆ ಅಂದಿದ್ರಿ. ನಿಮ್ ಜೇಬಲ್ಲೇ ಇತ್ತು.”

ಎಲ್ಲರ ಮಾತನ್ನೂ ಅನುಮಾನಿಸುವುದನ್ನು ಯೂನಿವರ್ಸಿಟಿಯಲ್ಲಿ ಕಲಿತಿದ್ದೆ, ನನ್ನ ಮಾತೊಂದನ್ನು ಬಿಟ್ಟು. ಬರೆದದ್ದನ್ನು ಅಳಿಸಿ, ಆ ಮೇಲ್‌ಗಳ ಸರಣಿಯನ್ನು ಹಳೆಯದರಿಂದ ಓದುತ್ತಾ ಬಂದೆ.

ನನ್ನ ವರದಿಯ ಮೊದಲ ಸಾಲಿನಲ್ಲಿ ‘ಉತ್ತರಗಳು ನೀಲಿಯಲ್ಲಿವೆ’ ಎಂದಷ್ಟೇ ಇತ್ತು. ನಮ್ಮಲ್ಲಿ ಒಂದು ರೂಢಿ: ಪ್ರತಿ ವಾರ ಹೊಸ ವರದಿ ಬರೆಯುವುದಿಲ್ಲ. ಹಿಂದಿನ ವಾರದ ವರದಿಯನ್ನೇ ತೆಗೆದುಕೊಂಡು, ಪ್ರತಿ ಸಾಲಿನ ಕೆಳಗೆ ಈಗಿನ ಸ್ಥಿತಿಯನ್ನು ನೀಲಿಯಲ್ಲಿ ಸೇರಿಸುತ್ತೇವೆ. ‘ಹೊಸನಗರ: ಮೋಟಾರ್ ರಿಪೇರಿ ಬಾಕಿ, ಸ್ಯಾಂಪಲ್ ಹೋಗಿಲ್ಲ.’ ಇದು ಹಿಂದಿನ ವಾರದ ಕಪ್ಪು ಸಾಲು. ಕೆಳಗೆ ನೀಲಿಯಲ್ಲಿ, ‘ಎರಡೂ ಆಗಿದೆ. ಲ್ಯಾಬಿನ ಸ್ವೀಕೃತಿ ಲಗತ್ತಿಸಿದೆ.’ ಅದರ ಕೆಳಗೆ ತೀರ್ಥಹಳ್ಳಿಯ ಸಾಲು.

ಹಾಗಾದರೆ ತಪ್ಪಿದ್ದೆಲ್ಲಿ? ಮೇಡಂ ಉತ್ತರದ ಕೆಳಗೆ ನನ್ನದೇ ಮೇಲ್ ಅಂಟಿಕೊಂಡಿತ್ತಲ್ಲ, ಅದನ್ನು ನೋಡಿದೆ. ನೀಲಿ ಎಲ್ಲೂ ಇರಲಿಲ್ಲ. ಎಲ್ಲ ಸಾಲೂ ಕಪ್ಪು. ಅವರ ಫೋನಿನಲ್ಲಿ ಬಣ್ಣ ಬಿಟ್ಟುಹೋಗಿದ್ದಿರಬೇಕು. ‘ಎರಡೂ ಆಗಿದೆ’ ಎಂಬುದು ತೀರ್ಥಹಳ್ಳಿಯ ಜೊತೆ ಸೇರಿಹೋಗಿತ್ತು. ಅವಸರದಲ್ಲಿ ನಾನೇ ಓದಿದ್ದರೂ ಹೊಸನಗರದಲ್ಲಿ ಏನೂ ಆಗಿಲ್ಲ ಎಂದೇ ತಿಳಿಯುತ್ತಿದ್ದೆ.

ಮತ್ತೆ ಬರೆಯತೊಡಗಿದೆ.

‘ನಮಸ್ಕಾರ ಮೇಡಂ. ಹೊಸನಗರದ ಸ್ಯಾಂಪಲ್ ಲ್ಯಾಬಿಗೆ ತಲುಪಿದೆ. ಸ್ವೀಕೃತಿಯನ್ನು ಮತ್ತೆ ಲಗತ್ತಿಸಿದ್ದೇನೆ. ಫಲಿತಾಂಶ ಬಂದಿಲ್ಲ, ಹಾಗಾಗಿ ಹಾಸ್ಟೆಲ್‌ಗೆ ಇನ್ನೂ ನೀರು ಬಿಟ್ಟಿಲ್ಲ. “ಹೋಗಿಲ್ಲ” ಎಂಬುದು ಹಿಂದಿನ ವಾರದ ಸಾಲು. ಈ ವಾರದ ಉತ್ತರ ಅದರ ಕೆಳಗೆ ನೀಲಿಯಲ್ಲಿತ್ತು. ತಮ್ಮ ಮೇಲ್‌ನಲ್ಲಿ ಬಣ್ಣ ಕಾಣುತ್ತಿಲ್ಲ, ಹಾಗಾಗಿ ಎರಡೂ ಬೆರೆತಿರಬಹುದು. ಎರಡು ಸಾಲನ್ನೂ ದಿನಾಂಕದೊಡನೆ ಕೆಳಗೆ ಕೊಟ್ಟಿದ್ದೇನೆ. ಟೆಕ್ನಿಷಿಯನ್ ಬದಲಾವಣೆಗೆ ಇದೊಂದೇ ಕಾರಣವಾಗಿದ್ದರೆ ದಯವಿಟ್ಟು ಕೈಬಿಡಬೇಕು.’

“ಮುಖ್ಯ ಕಚೇರಿಯವರನ್ನ ಮೇಲ್‌ನಿಂದ ತೆಗೀಲಾ?” ಎಂದೆ. “ಮೇಡಂಗೆ ಎಲ್ಲರ ಎದುರು ಮುಜುಗರ.”

“ಅವನ ಹೆಸರು ಕೆಟ್ಟಿದ್ದು ಎಲ್ಲರ ಎದುರೇ ಅಲ್ವಾ?” ಎಂದರು ಅಕ್ಕ.

ಎಲ್ಲರಿಗೂ ಕಳಿಸಿದೆ. ಆಮೇಲೆ ಕೂರಲಾಗಲಿಲ್ಲ. ಕಿಟಕಿಯಾಚೆ ಹೊಸನಗರದ ಖಾಸಗಿ ಬಸ್ಸು ಹಾರ್ನ್ ಹೊಡೆಯುತ್ತಲೇ ಇತ್ತು. ಕಳಿಸಿದ ಮೇಲ್ ಅನ್ನು ಮತ್ತೆ ಮತ್ತೆ ತೆರೆದು, ಸ್ವೀಕೃತಿ ಲಗತ್ತಾಗಿದೆಯೇ ಎಂದು ನೋಡಿದೆ. ಲಗತ್ತಾಗಿತ್ತು. ಆದರೂ ನೋಡಿದೆ.

ಉತ್ತರ ಚಿಕ್ಕದಾಗಿ ಬಂತು. ‘ನೋಡಿದೆ. ಬದಲಾವಣೆ ಬೇಡ. ಮುಂದಿನ ವಾರದಿಂದ ಹಳೆಯದನ್ನು ತೆಗೆದು ಹೊಸದನ್ನೇ ಬರೆಯಿರಿ.’ ಇದರ ಪ್ರತಿಯೂ ಮುಖ್ಯ ಕಚೇರಿಗೆ ಹೋಗಿತ್ತು. ತಪ್ಪಾಯಿತು ಎಂಬ ಮಾತಿರಲಿಲ್ಲ. ನಾನೂ ಹುಡುಕಲಿಲ್ಲ.

ಟೆಕ್ನಿಷಿಯನ್‌ಗೆ ಫೋನ್ ಮಾಡಿದೆ. ಕಪ್ಪು ನೀಲಿಯ ಗೊಂದಲವನ್ನೂ ಮೇಡಂ ಉತ್ತರವನ್ನೂ ಹೇಳಿದೆ.

“ಹಂಗಾರೆ ನಾಳೆ ತೀರ್ಥಹಳ್ಳಿಗೆ ಹೋಗ್ಲಾ ಸಾರ್?”

“ಹೋಗಿ.”

“ಅದನ್ನೂ ಬರ್ದು ಕಳ್ಸಿ. ಕಪ್ಪಲ್ಲೇ ಬರೀರಿ.”