ಪಪ್ಪನ ಮೆಲುಪೆಟ್ಟುಗಳು

ಪಪ್ಪ ಮುಂಬೈಯ ಮಾಟುಂಗದ ಹೋಟೆಲೊಂದರಲ್ಲಿ ಮೂವತ್ತು ವರ್ಷ ದುಡಿದರು. ರಜೆ ಸಿಕ್ಕ ದಿನ, ರಾತ್ರಿ ಪಾಳಿ ಇಲ್ಲದ ದಿನ, ಆರ್ಕೆಸ್ಟ್ರಾಗಳಲ್ಲಿ ಡ್ರಮ್ಸ್ ಬಾರಿಸಿದರು. ಗಣಪತಿ ಪೆಂಡಾಲ್, ಮದುವೆ ಹಾಲ್, ಕನ್ನಡ ಸಂಘದ ವಾರ್ಷಿಕೋತ್ಸವ ಯಾವುದನ್ನೂ ಬಿಟ್ಟವರಲ್ಲ. ಆದರೆ ಅವರ ಕೈ ಒಂದು ಹಾಡಿನಲ್ಲೂ ದಾಖಲಾಗಿರಲಿಲ್ಲ. ಪೆಂಡಾಲಿನ ಬಾರಿಸುವಿಕೆ ಪೆಂಡಾಲ್ ಬಿಚ್ಚುವಾಗ ಹೋಗುತ್ತದೆ.

ನಾನು ಪರೇಲಿನ ಹಳೇ ಮಿಲ್ ಕಟ್ಟಡದೊಳಗಿನ ಸ್ಟುಡಿಯೋದಲ್ಲಿ ಎಂಜಿನಿಯರ್. ಅಂದರೆ ಕೆಲಸವೆಲ್ಲ ನನ್ನದು, ಹೆಸರು ನಮ್ಮ ಬಾಸಿನದು. ಒಂದು ಹಾಡಿಗೆ ಹಳೇ ಆರ್ಕೆಸ್ಟ್ರಾದ ಗತ್ತಿನ ಡ್ರಮ್ಸ್ ಬೇಕೆಂದು ಸಂಗೀತ ನಿರ್ದೇಶಕರು ಕೇಳಿದಾಗ, ನಾಲಿಗೆ ತಡೆಯಲಾರದೆ ಪಪ್ಪನ ವಿಷಯ ಹೇಳಿಬಿಟ್ಟೆ. ಕರೆಸಿ ಅಂದರು. ಮರುದಿನವೇ ಇಡೀ ಹೋಟೆಲಿಗೆ ಸುದ್ದಿ ಹಬ್ಬಿತ್ತು. ಹಾಡು ಬಂದ ದಿನ ಹೋಟೆಲಿನ ಸ್ಪೀಕರಿನಲ್ಲಿ ಹಾಕಿ ಎಲ್ಲರಿಗೂ ಕೇಳಿಸುತ್ತೇನೆಂದು ಪಪ್ಪ ಮಾತು ಕೊಟ್ಟು ಬಂದಿದ್ದರು.

ರೆಕಾರ್ಡಿಂಗಿನ ದಿನ ಇಬ್ಬರೂ ಒಂದೇ ಲೋಕಲ್ ರೈಲಿನಲ್ಲಿ ಹೊರಟು ಒಂಬತ್ತಕ್ಕೆ ಸ್ಟುಡಿಯೋ ಬಾಗಿಲು ತೆರೆದೆವು. ರೆಕಾರ್ಡಿಂಗ್ ಹತ್ತಕ್ಕೆ. ಡ್ರಮ್ಸ್ ಶ್ರುತಿ ಮಾಡಲು ಪಪ್ಪ ಎರಡು ಗಂಟೆ ಬೇಕೆಂದಿದ್ದರು. ಒಂದು ಸಾಕೆಂದು ನಾನೇ ತೀರ್ಮಾನ ಮಾಡಿದ್ದೆ. ಬುದ್ಧಿವಂತೆ ನಾನು.

ಅವರು ಮೊದಲು ಸ್ನೇರ್, ಅಂದರೆ ತಳದಲ್ಲಿ ತಂತಿ ಬಿಗಿದ ಡ್ರಮ್ಮನ್ನು ಹಿಡಿದರು. ಅದರ ತಳದ ತೆಳು ಹಾಳೆಯನ್ನು ಬಿಗಿ ಮಾಡಿದರು. ಆಮೇಲೆ ಮೇಲಿನದು. ಕೀಲಿಯಿಂದ ಒಂದು ಸ್ಕ್ರೂ ತುಸು ತಿರುಗಿಸುವುದು, ನಂತರ ಅದರ ಎದುರಿನದು, ಮತ್ತೆ ಪಕ್ಕದ್ದು. ಒಂದೊಂದರ ಹತ್ತಿರವೂ ಬೆರಳಿನಿಂದ ತಟ್ಟಿ, ಎಲ್ಲ ಕಡೆ ಒಂದೇ ಶ್ರುತಿ ಬರುವವರೆಗೂ ಬಿಡಲಿಲ್ಲ. ಹೋಟೆಲಿನಲ್ಲಿ ದೋಸೆ ಕಾವಲಿಯ ಕಾವನ್ನು ನೀರು ಚಿಮುಕಿಸಿ ನೋಡುವವರ ಹಾಗೆ ಕಿವಿಯನ್ನು ಡ್ರಮ್ಮಿಗೆ ಹತ್ತಿರ ಒಡ್ಡುತ್ತಿದ್ದರು. ಇದಕ್ಕೇ ನಲವತ್ತು ನಿಮಿಷ ಹೋಯಿತು.

ಆಮೇಲೆ ಟಾಮ್‌ಗಳ, ಅಂದರೆ ತಂತಿಯಿಲ್ಲದ ಗುಂಡು ನಾದದ ಡ್ರಮ್ಮುಗಳ ಸರದಿ. ಚಿಕ್ಕ ಟಾಮ್‌ಗೆ ಒಂದು ಪೆಟ್ಟು ಕೊಟ್ಟರೆ, ಯಾರೂ ಮುಟ್ಟದ ಸ್ನೇರಿನ ತಳದ ತಂತಿಗಳು ಗುರ್ ಎನ್ನುತ್ತಿದ್ದವು. ಇದರ ಶ್ರುತಿ ಅದರ ಹತ್ತಿರ ಬಂದಿತ್ತು. ದೊಡ್ಡ ಟಾಮ್ ಹೊಡೆದರೆ ನಾದ ಒಂದು ಉಸಿರಿನಷ್ಟು ಉದ್ದ ಎಳೆಯುತ್ತಿತ್ತು.

"ಇದರ ಶ್ರುತಿ ಸ್ವಲ್ಪ ಇಳಿಸ್ಬೇಕು ಮಗಳೇ. ಇಲ್ಲದಿದ್ರೆ ಸ್ನೇರ್ ಸುಮ್ಮನೆ ಕೂರುದಿಲ್ಲ. ದೊಡ್ಡದರ ಬಾಯಿಯೂ ಮುಚ್ಚಿಸ್ಬೇಕು," ಎಂದರು ಪಪ್ಪ.

ಅಷ್ಟರಲ್ಲಿ ಬಾಸ್ ಮತ್ತು ನಿರ್ದೇಶಕರು ಬಂದು ಕಂಟ್ರೋಲ್ ರೂಮಿನ ಗಾಜಿನ ಆಚೆ ಕುಳಿತಿದ್ದರು. ಪಪ್ಪ ಚೀಲಕ್ಕೆ ಕೈ ಹಾಕಿ ಅಂಟುವ ಟೇಪು ತೆಗೆದರು. ಅದರ ಹಿಂದೆಯೇ ಹೆಂಗಸರ ಪ್ಯಾಡಿನ ಪ್ಯಾಕೆಟ್ ತೆಗೆದರು. ಒಂದನ್ನು ಬಿಡಿಸಿ ದೊಡ್ಡ ಟಾಮಿನ ಅಂಚಿಗೆ ಒತ್ತಿ ಅಂಟಿಸಿದರು.

ಆರ್ಕೆಸ್ಟ್ರಾದವರಿಗೆ ಇದು ಹೊಸದೇನಲ್ಲ. ಪ್ಯಾಡು ಹತ್ತಿಯ ಮೆತ್ತನೆಯದು, ಅಂಟೂ ಅದರಲ್ಲೇ ಇದೆ. ಅಂಚಿನಲ್ಲಿ ಕೂತರೆ ಪೆಟ್ಟನ್ನು ಬಿಟ್ಟು ನಾದದ ಬಾಲವನ್ನು ಮಾತ್ರ ಕತ್ತರಿಸುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಗಾಜಿನ ಆಚೆ ಇಬ್ಬರೂ ನಗುತ್ತಿದ್ದರು. ಬಾಸ್ ಮೈಕಿನ ಗುಂಡಿ ಒತ್ತಿ, "ಅಂಕಲ್, ಯೇ ಸ್ಟುಡಿಯೋ ಹೈ, ಮೆಡಿಕಲ್ ನಹೀಂ," ಎಂದ. ನನ್ನ ಮುಖ ಕಾದುಹೋಯಿತು. ಆ ಸ್ಟುಡಿಯೋದಲ್ಲಿ ನಾನೊಬ್ಬಳೇ ಹೆಂಗಸು. ಅಲ್ಲಿ ನಿಲ್ಲಲು ಆರು ವರ್ಷ ಹಲ್ಲು ಕಚ್ಚಿದ್ದೆ. ಸಿಟ್ಟು ಬರಬೇಕಾದದ್ದು ಬಾಸಿನ ಮೇಲೆ. ಬಂದದ್ದು ಪಪ್ಪನ ಮೇಲೆ.

ಮುಂದೆ ಹೋಗಿ ಪ್ಯಾಡನ್ನು ಕಿತ್ತು ಅವರ ಚೀಲಕ್ಕೆ ತುರುಕಿದೆ.

"ಇದೆಲ್ಲ ಬೇಡ ಪಪ್ಪ. ಟ್ಯೂನಿಂಗ್ ಸಾಕು. ಉಳಿದದ್ದು ನಾನು ಎಡಿಟಿಂಗ್‌ನಲ್ಲಿ ತೆಗೀತೇನೆ."

"ತೆಗೀಲಿಕ್ಕೆ ಬರ್ತದಾ?"

"ಬರ್ತದೆ."

"ಹತ್ತು ನಿಮಿಷ ಕೊಡು ಮಾರಾಯ್ತಿ. ಟಾಮ್ ಒಂದು ಇಳಿಸಿ ಬಿಡ್ತೇನೆ."

"ಅವರು ಕಾಯ್ತಿದ್ದಾರೆ," ಎಂದು ಹೊರಗೆ ಬಂದೆ. ಅವರು ಕೀಲಿಯನ್ನು ಶರಟಿನ ಜೇಬಿಗೆ ಹಾಕಿ ಕೋಲು ಎತ್ತಿಕೊಂಡರು.

ಬಾರಿಸಿದ್ದು ಮಾತ್ರ ಅಪ್ಪಟ. ಪಪ್ಪನ ವಿಶೇಷ ದೊಡ್ಡ ಪೆಟ್ಟುಗಳಲ್ಲಿ ಇರಲಿಲ್ಲ. ಅವನ್ನು ಯಾರು ಬೇಕಾದರೂ ಹೊಡೆಯುತ್ತಾರೆ. ಎರಡು ಪೆಟ್ಟುಗಳ ನಡುವೆ ಸ್ನೇರಿನ ಮೇಲೆ ಕೋಲಿನ ತುದಿ ಸುಮ್ಮನೆ ಸವರಿ ಹೋಗುವ ಮೆಲುಪೆಟ್ಟುಗಳಿದ್ದವಲ್ಲ, ಹಾಡು ನಡೆಯುತ್ತಿದ್ದದ್ದು ಅವುಗಳ ಮೇಲೆ. ನಿರ್ದೇಶಕರು ಕೂಡ ತಲೆದೂಗಿದರು. ನಾನು ಬೀಗಿದೆ.

ಮರುದಿನ ಎಡಿಟಿಂಗಿಗೆ ಕೂತಾಗ ಬೀಗಿದ್ದೆಲ್ಲ ಇಳಿಯಿತು. ಪ್ರತಿ ಟಾಮ್ ಪೆಟ್ಟಿಗೂ ಸ್ನೇರಿನ ತಂತಿ ಗುರುಗುಟ್ಟಿತ್ತು. ದೊಡ್ಡ ಟಾಮಿನ ನಾದ ಎಲ್ಲ ಮೈಕುಗಳಿಗೂ ನುಗ್ಗಿ ಕೂತಿತ್ತು. ಟಾಮಿನ ಮೈಕಿನಲ್ಲಿ ಪೆಟ್ಟಿಲ್ಲದ ಜಾಗಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿದೆ. ಆದರೂ ತಲೆಯ ಮೇಲೆ ತೂಗಿದ ಮೈಕುಗಳಲ್ಲಿ ಅದು ಹಾಗೇ ಇತ್ತು. ಅಲ್ಲಿಂದ ಅದನ್ನು ಬೇರ್ಪಡಿಸುವುದೆಂದರೆ ಸಾರಿನಿಂದ ಉಪ್ಪು ಹೆಕ್ಕುವ ಕೆಲಸ. ಸ್ನೇರಿಗೆ ಗೇಟ್ ಹಾಕಿದೆ. ಗೇಟ್ ಅಂದರೆ, ಒಂದು ಮಟ್ಟಕ್ಕಿಂತ ಸಣ್ಣ ಸದ್ದನ್ನು ಒಳಗೆ ಬಿಡದ ಕಾವಲುಗಾರ. ಅದಕ್ಕೆ ತಂತಿಯ ಗುರುಗುಟ್ಟುವಿಕೆಯೂ ಪಪ್ಪನ ಮೆಲುಪೆಟ್ಟೂ ಒಂದೇ. ಎರಡೂ ಸಣ್ಣವು, ಎರಡನ್ನೂ ತಳ್ಳಿತು. ಮಟ್ಟ ಇಳಿಸಿದರೆ ಎರಡೂ ಒಳಗೆ ಬರುತ್ತಿದ್ದವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ನಾಲ್ಕು ದಿನ ಹೆಣಗಿದೆ. ಮತ್ತೊಮ್ಮೆ ಬಾರಿಸೋಣವೇ ಎಂದು ಕೇಳಿದ್ದಕ್ಕೆ ಬಾಸ್, "ಸಾಫ್ ಕರ್ ಕೇ ದೇ ದೋ," ಎಂದ. ಇದ್ದದ್ದನ್ನೇ ಸಾಫ್ ಮಾಡಿ ಕೊಟ್ಟೆ. ದೊಡ್ಡ ಪೆಟ್ಟುಗಳು ಉಳಿದವು. ಅವುಗಳ ನಡುವಿನ ಪಪ್ಪನನ್ನು ನಾನೇ ಅಳಿಸಿದೆ. ಹತ್ತು ನಿಮಿಷ ಕೊಟ್ಟಿದ್ದರೆ ಇದಾವುದೂ ಬೇಕಿರಲಿಲ್ಲ. ಈ ಮಾತನ್ನು ನಯವಾಗಿ ಹೇಳಿಕೊಳ್ಳಲು ಇಂದಿಗೂ ನನ್ನಿಂದಾಗಿಲ್ಲ.

ಹಾಡು ಬಂತು. ಭಾನುವಾರ ಬೆಳಿಗ್ಗೆ ಮನೆಯಲ್ಲಿ ಹಾಕಿದೆ. ಅಮ್ಮ ಅಡುಗೆಮನೆಯಿಂದ ಕೈ ಒರೆಸುತ್ತ ಬಂದು ನಿಂತರು. ಪಪ್ಪ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು ತೊಡೆಯ ಮೇಲೆ ಬೆರಳಾಡಿಸುತ್ತಿದ್ದರು. ಸ್ಪೀಕರಿನಲ್ಲಿ ದೊಡ್ಡ ಪೆಟ್ಟುಗಳಷ್ಟೇ ಬರುತ್ತಿದ್ದವು. ನಡುವಿನವು ಅವರ ಬೆರಳುಗಳಲ್ಲಿ ಮಾತ್ರ ಇದ್ದವು. ಸ್ವಲ್ಪ ಹೊತ್ತಿಗೆ ಬೆರಳು ನಿಂತಿತು.

"ಇದು ಯಾರು ಬಾರಿಸಿದ್ದು ಮಗಳೇ?" ಎಂದು ಕೇಳಿದರು. ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಕೇಳಿದ್ದರು.

"ನೀವೇ ಪಪ್ಪ. ಹೆಸರೂ ಹಾಕಿದ್ದಾರೆ ನೋಡಿ," ಎಂದು ಮೊಬೈಲ್ ತೋರಿಸಿದೆ.

ಹೆಸರನ್ನು ಓದಿದರು. ಮೊಬೈಲನ್ನು ನನ್ನ ಕೈಗೇ ಹಿಂತಿರುಗಿಸಿದರು.

"ಹೋಟೆಲಿನವರು ಕೇಳಿದ್ರೆ, ನನ್ನದು ತೆಗೆದು ಬೇರೆಯವರದ್ದು ಹಾಕಿದ್ರು ಅಂತ ಹೇಳ್ತೇನೆ," ಎಂದರು. "ಅದರಲ್ಲಾದರೂ ಸ್ವಲ್ಪ ಮರ್ಯಾದೆ ಉಂಟು."

ಸೋಮವಾರ ಹೋಟೆಲಿಗೆ ಹೋಗಿ ಹಾಗೆಯೇ ಹೇಳಿದರು.