ತೆರೆಸಿದ ಕಣ್ಣು

ಹೊಸೂರಿನ ಹತ್ತಿರದ ತಳಿ ಅನ್ನುವ ಊರಿನ ಬಸ್ ಸ್ಟ್ಯಾಂಡಿನ ಎದುರು ನನ್ನ ಫೋಟೊ ಸ್ಟುಡಿಯೊ. ನಮ್ಮ ಕಸುಬಿನಲ್ಲಿ ‘ಕಣ್ಣು ತೆರೆಸೋದು’ ಅಂತ ಒಂದು ಕೆಲಸವಿದೆ. ಮದುವೆ ಗುಂಪಿನಲ್ಲಿ ಚಿಕ್ಕಪ್ಪ ಕಣ್ಣು ಮಿಟುಕಿಸಿರುತ್ತಾನೆ. ಇನ್ನೊಂದು ಫೋಟೊದಿಂದ ಅವನದೇ ಕಣ್ಣು ತಂದು ಕಂಪ್ಯೂಟರಿನಲ್ಲಿ ಕೂರಿಸುತ್ತೇವೆ. ಇದಕ್ಕೆ ಯಾರೂ ಹೇಳಬೇಕಿಲ್ಲ. ತೆರೆಸದೆ ಕೊಟ್ಟರೆ ಮಾತ್ರ ಜಗಳಕ್ಕೆ ಬರುತ್ತಾರೆ.

ನನ್ನ ಅಕ್ಕನ ಮೊಮ್ಮಗಳ ಮೊದಲನೇ ಹುಟ್ಟುಹಬ್ಬದ ಫೋಟೊ ತೆಗೆದಾಗ ಎಡಗಣ್ಣಿನ ಮೇಲಿನ ರೆಪ್ಪೆ ಅರ್ಧಕ್ಕೆ ಇಳಿದಿತ್ತು. ಮಗು ಮಧ್ಯಾಹ್ನ ಮಲಗಿಲ್ಲ, ನಿದ್ದೆಗಣ್ಣು ಅಂದುಕೊಂಡೆ. ಹತ್ತು ಸಲ ತೆಗೆದೆ, ಹತ್ತರಲ್ಲೂ ಅಷ್ಟೇ. ತೆರೆದ ಎಡಗಣ್ಣು ಒಂದೂ ಸಿಗದ ಕಾರಣ ಬಲಗಣ್ಣನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಎಡಕ್ಕೆ ಅಂಟಿಸಿದೆ. ಬಹಳ ಚೆನ್ನಾಗಿ ಬಂತು. ದೊಡ್ಡ ಫ್ರೇಮು ಹಾಕಿ ಅಕ್ಕನ ಮನೆಯ ಗೋಡೆಗೆ ನಾನೇ ಮೊಳೆ ಹೊಡೆದು ಬಂದೆ.

ಎರಡನೇ, ಮೂರನೇ, ನಾಲ್ಕನೇ ಹುಟ್ಟುಹಬ್ಬಕ್ಕೂ ಅದನ್ನೇ ಮಾಡಿದೆ. ನಾಲ್ಕು ವರ್ಷ ಒಂದೇ ಮಗುವಿಗೆ, ಒಂದೇ ಕಣ್ಣಿಗೆ ನಿದ್ದೆ ಬರುವುದು ಹೇಗೆ ಅಂತ ಈ ಬುದ್ಧಿವಂತನಿಗೆ ಹೊಳೆಯಲಿಲ್ಲ. ಇನ್ನೂ ಒಂದು ಹೇಳಬೇಕು. ಬೇರೆ ಮಕ್ಕಳಿಗೆ ‘ಗದ್ದ ಎತ್ತು, ಗದ್ದ ಎತ್ತು’ ಅಂತ ಗಂಟಲು ಹರಿದುಕೊಳ್ಳುವವನು ನಾನು. ಇವಳು ಹೇಳುವ ಮೊದಲೇ ಗದ್ದ ಎತ್ತಿ, ಹುಬ್ಬು ಏರಿಸಿ ಕೂರುತ್ತಿದ್ದಳು. ಫೋಟೊಗೇ ಹುಟ್ಟಿದ ಮಗು ಅಂತ ಊರೆಲ್ಲ ಹೊಗಳಿಕೊಂಡು ಬಂದೆ.

ಮಗುವಿನ ತಾಯಿ, ಅಂದರೆ ಅಕ್ಕನ ಮಗಳು, ಹೊಸೂರಿನ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾಳೆ. ಈ ಕಣ್ಣು ಹುಟ್ಟಿದಾಗಿಂದ ಹೀಗೇ ಇದೆ, ತೋರಿಸೋಣ ಅಂತ ಅವಳು ಆಗಾಗ ಹೇಳುತ್ತಿದ್ದಳಂತೆ. ಅಕ್ಕ ಗೋಡೆಯ ಕಡೆ ಕೈ ತೋರಿಸುತ್ತಿದ್ದಳು. ಫೋಟೊದಲ್ಲಿ ಚೆನ್ನಾಗೇ ಇದೆಯಲ್ಲ, ನೀನು ರಾತ್ರಿ ಶಿಫ್ಟ್ ಮುಗಿಸಿ ಬಂದು ನೋಡುವ ಹೊತ್ತಿಗೆ ಮಗುವಿಗೆ ನಿದ್ದೆ ಹತ್ತಿರುತ್ತದೆ ಅನ್ನುವುದು ಅವಳ ವಾದ. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಐದು ತುಂಬುವ ಮೊದಲು ಶಾಲೆಯ ಟೀಚರ್ ಚೀಟಿ ಬರೆದು ಕಳಿಸಿದರು. ಮಗು ತಲೆ ಹಿಂದಕ್ಕೆ ಬಾಗಿಸಿಕೊಂಡು ಬೋರ್ಡು ನೋಡುತ್ತಾಳೆ, ಕಣ್ಣಿನ ಡಾಕ್ಟರಿಗೆ ತೋರಿಸಿ ಅಂತ. ಅಕ್ಕ, ಅವಳ ಮಗಳು, ಮಗು ಮೂವರನ್ನೂ ಕಾರಿನಲ್ಲಿ ಕೂರಿಸಿಕೊಂಡು ನಾನೇ ಹೊಸೂರಿನ ಕಣ್ಣಾಸ್ಪತ್ರೆಗೆ ಹೋದೆ.

ಡಾಕ್ಟರಮ್ಮ ತಮಿಳಿನವರು. ಯಾವಾಗಿಂದ ಹೀಗೆ ಅಂತ ಕೇಳಿದರು. ತಾಯಿ ಹುಟ್ಟಿದಾಗಿಂದ ಅಂದಳು. ಅಕ್ಕ ಅವಳ ಬಾಯಿ ಮುಚ್ಚಿಸಿ, ಮೂರು ತಿಂಗಳ ಹಿಂದೆ ಜ್ವರ ಬಂತಲ್ಲ, ಆಮೇಲೆ ಅಂದಳು. ಸಾಕ್ಷಿಗೆ ಸೆರಗಿನಡಿಯಿಂದ ನಾಲ್ಕು ಫೋಟೊ ತೆಗೆದು ಮೇಜಿನ ಮೇಲೆ ಹರಡಿದಳು.

ಡಾಕ್ಟರಮ್ಮ ಮೊದಲು ಮಗುವನ್ನೇ ನೋಡಿದರು. ಹುಬ್ಬಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಮೇಲೆ ನೋಡು ಅಂದರು. ಹಣೆಯ ಸಹಾಯ ತಪ್ಪಿದ ಮೇಲೆ ಎಡ ರೆಪ್ಪೆ ಅಲುಗಿದ್ದೇ ಕಷ್ಟ. ಬಲ ರೆಪ್ಪೆಯ ಮೇಲಿರುವ ಮಡಿಕೆ ಎಡಕ್ಕೆ ಇರಲೇ ಇಲ್ಲ. ಕೆಳಗೆ ನೋಡಿಸಿದರೆ ಉಲ್ಟಾ, ಬಲ ರೆಪ್ಪೆ ಪೂರ್ತಿ ಇಳಿಯಿತು, ಎಡದ್ದು ಮೇಲೇ ನಿಂತಿತು. ರೆಪ್ಪೆ ಎತ್ತುವ ಸ್ನಾಯು ಹುಟ್ಟಿನಿಂದಲೇ ಸರಿಯಾಗಿ ಬೆಳೆದಿಲ್ಲದಿದ್ದರೆ ಹೀಗೆ, ಅದು ಎತ್ತುವುದೂ ಇಲ್ಲ, ಸಡಿಲ ಬಿಡುವುದೂ ಇಲ್ಲ ಅಂದರು. ಎರಡೂ ಪಾಪೆ ಒಂದೇ ಅಳತೆ ಇವೆಯೇ, ಕಣ್ಣುಗುಡ್ಡೆ ಎಲ್ಲ ಕಡೆ ತಿರುಗುತ್ತದೆಯೇ ನೋಡಿದರು. ಸಂಜೆಯಾದರೆ ಹೆಚ್ಚುತ್ತದೆಯೇ, ನುಂಗಲು ಕಷ್ಟವೇ ಅಂತ ಕೇಳಿದರು. ಆಮೇಲೆ ಫೋಟೊಗಳನ್ನು ಹತ್ತಿರ ಎಳೆದುಕೊಂಡರು.

ಕಣ್ಣು ಹುಟ್ಟಿನಿಂದ ಅನ್ನುತ್ತಿದೆ, ಫೋಟೊ ಮೊನ್ನೆಯಿಂದ ಅನ್ನುತ್ತಿದೆ, ಎರಡರಲ್ಲಿ ಒಂದು ಸುಳ್ಳು ಅಂದರು. ಫೋಟೊ ನಿಜವಾದರೆ ಸುಮ್ಮನೆ ಬಿಡುವಂತಿಲ್ಲ. ಚೆನ್ನಾಗಿದ್ದ ರೆಪ್ಪೆ ಹೊಸದಾಗಿ ಬಿದ್ದರೆ ನರದ ತೊಂದರೆ ಇರಬಹುದು, ಬೇಗ ದಣಿಯುವ ಸ್ನಾಯುವಿನ ರೋಗ ಇರಬಹುದು, ತಲೆಯೊಳಗೆ ಏನಾದರೂ ಒತ್ತುತ್ತಿರಬಹುದು. ಬೆಂಗಳೂರಿಗೆ ಕರೆದುಕೊಂಡು ಹೋಗಿ, ನಿದ್ದೆ ಬರುವ ಔಷಧಿ ಕೊಟ್ಟು ತಲೆಯ ಸ್ಕ್ಯಾನ್ ಮಾಡಿಸಬೇಕಾಗುತ್ತದೆ. ಅಕ್ಕ ಅಲ್ಲೇ ಅಳಲು ಶುರು ಮಾಡಿದಳು. ವಯಸ್ಸಾದವರಿಗೂ ರೆಪ್ಪೆ ಬೀಳುತ್ತದಲ್ಲ ಅಂತ ನಾನು ಮಾತು ತೇಲಿಸಿದೆ. ಅವರು ನನ್ನ ಮುಖ ನೋಡಿ, ಹೌದು, ನಿಮ್ಮದೂ ಸ್ವಲ್ಪ ಬಿದ್ದಿದೆ, ವಯಸ್ಸಿಗೆ ಸ್ನಾಯುವಿನ ಹಿಡಿತ ಸಡಿಲವಾಗುತ್ತದೆ, ಮಗುವಿಗೆ ಆ ಕಾರಣ ಹೇಳಲಾಗುವುದಿಲ್ಲ ಅಂದರು.

ಆಮೇಲೆ ಭೂತಗನ್ನಡಿ ತೆಗೆದುಕೊಂಡರು. ಕಣ್ಣಿನ ನಡುವೆ ಲೈಟಿನ ಬಿಳಿ ಚುಕ್ಕೆ ಬೀಳುತ್ತದೆ, ಅಲ್ಲಿಂದ ರೆಪ್ಪೆಯ ಅಂಚಿಗೆ ಎಷ್ಟು ದೂರ ಅಂತ ಅಳೆಯುವುದು ಅವರ ಪದ್ಧತಿಯಂತೆ. ಚುಕ್ಕೆ ಹುಡುಕುತ್ತ ಅವರ ಕೈ ನಿಂತಿತು. ಎರಡೂ ಕಣ್ಣಿನಲ್ಲಿ ಚುಕ್ಕೆ ಮೂಗಿನ ಕಡೆಗೇ ಇತ್ತು. ಫೋಟೊ ತೆಗೆದವರು ಎಷ್ಟು ಲೈಟು ಇಟ್ಟಿದ್ದರು ಅಂತ ಕೇಳಿದರು.

ಒಂದೇ ಲೈಟು. ಮಗುವಿನ ಎಡಗಡೆಗೆ. ಹಾಗಿದ್ದಾಗ ಎರಡೂ ಚುಕ್ಕೆ ಒಂದೇ ಕಡೆ ಬೀಳಬೇಕು. ಕಣ್ಣು ತಿರುಗಿಸಿ ಅಂಟಿಸಿದವನು ಚುಕ್ಕೆಯನ್ನೂ ತಿರುಗಿಸಿದ್ದ.

“ಆ ಕಣ್ಣು ತೆರ್ಸಿದ್ದು ನಾನೇ,” ಅಂದೆ.

ಅಕ್ಕನಿಗೆ ಅರ್ಥವಾಗಲಿಲ್ಲ. ಅವಳ ಮಗಳಿಗೆ ಆಯಿತು. ನಾನು ತಳಿಗೆ ಓಡಿ ಹಾರ್ಡ್ ಡಿಸ್ಕ್ ತಂದೆ. ತಿದ್ದದ ನಾಲ್ಕು ಫೋಟೊಗಳನ್ನು ಡಾಕ್ಟರಮ್ಮ ಸಾಲಾಗಿ ಇಟ್ಟು ನೋಡಿದರು. ನಾಲ್ಕರಲ್ಲೂ ರೆಪ್ಪೆ ಪಾಪೆಯ ಅರ್ಧಕ್ಕೇ ನಿಂತಿತ್ತು, ಏರಿಲ್ಲ, ಇಳಿದಿಲ್ಲ. ಹುಟ್ಟಿನದೇ, ಸ್ಕ್ಯಾನ್ ಬೇಡ ಅಂದರು. ನನಗೆ ಉಸಿರು ಬಂತು. ಆ ನೆಮ್ಮದಿ ಬಹಳ ಹೊತ್ತು ಉಳಿಯಲಿಲ್ಲ.

ಗೋಡೆಯ ಮೇಲೆ ಬೆಕ್ಕು, ಮನೆ, ಛತ್ರಿಯ ಚಿತ್ರಗಳಿದ್ದವು. ಎಡಗಣ್ಣು ಮುಚ್ಚಿದಾಗ ಮಗು ಎಲ್ಲವನ್ನೂ ಪಟಪಟ ಹೇಳಿದಳು. ಬಲಗಣ್ಣು ಮುಚ್ಚಿದಾಗ ಮುಚ್ಚಿದ ಕೈಯನ್ನು ತಳ್ಳಿ ಅತ್ತಳು. ಬೆಕ್ಕೂ ಕಾಣಿಸಿರಲಿಲ್ಲ. ರೆಪ್ಪೆ ಅಡ್ಡವಾದ ಕಣ್ಣು ನೋಡುವುದನ್ನೇ ಕಲಿಯುವುದಿಲ್ಲ, ಕಲಿಯುವ ವಯಸ್ಸು ಚಿಕ್ಕದು, ಮೊದಲ ವರ್ಷದಲ್ಲೇ ಬಂದಿದ್ದರೆ ಸುಲಭವಿತ್ತು ಅಂದರು ಡಾಕ್ಟರಮ್ಮ. ರೆಪ್ಪೆಯನ್ನು ಒಳಗಿನಿಂದ ಹಣೆಯ ಸ್ನಾಯುವಿಗೆ ತೂಗುಹಾಕುವ ಆಪರೇಷನ್ ಮಾಡಬೇಕು, ಕನ್ನಡಕ ಹಾಕಬೇಕು, ದಿನಾ ಇಷ್ಟು ಗಂಟೆ ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ಸೋತ ಕಣ್ಣಿಗೆ ಕೆಲಸ ಕೊಡಬೇಕು. ಎಷ್ಟು ದೃಷ್ಟಿ ಬರುತ್ತದೋ ಈಗಲೇ ಹೇಳಲಾರೆ ಅಂದರು.

ಕಾರು ಹತ್ತುವಾಗ ಅಕ್ಕನ ಮಗಳು ಒಂದೇ ಮಾತು ಆಡಿದಳು. “ನಾನು ಹೆತ್ತೋಳು ಯೋಳ್ದೆ ಮಾಮ. ಎಲ್ರೂ ನಿನ್ ಪೋಟೋನ ನಂಬುದ್ರು.” ಬೈದಿದ್ದರೆ ಚೆನ್ನಾಗಿತ್ತು.

ಆಪರೇಷನ್ ಆಯಿತು. ಅಕ್ಕನ ಮಗಳು ಗೋಡೆಯ ಫ್ರೇಮು ಇಳಿಸಿ ನನ್ನ ಕೈಗೆ ಕೊಟ್ಟು, ತಿದ್ದಿದ್ದನ್ನು ತೆಗೆದು, ಕ್ಯಾಮೆರಾದಲ್ಲಿ ಬಂದ ಹಾಗೇ ಇದ್ದದ್ದನ್ನು ಹಾಕಿಕೊಡು ಅಂದಳು. ಹಾಕಿಕೊಟ್ಟೆ. ಅದೇ ಮೊಳೆಗೆ ನೇತು ಹಾಕಿದೆ. ಅಕ್ಕನ ಮನೆಗೆ ಹೋದಾಗ ನಾನು ಅದಕ್ಕೆ ಬೆನ್ನು ಮಾಡಿ ಕೂರುತ್ತೇನೆ.

ಏಳು ತಿಂಗಳು ಕಳೆದಿತ್ತು. ಒಂದು ಭಾನುವಾರ ಹೋಗಿದ್ದೆ. ಮಗು ಬಲಗಣ್ಣಿಗೆ ಪಟ್ಟಿ ಅಂಟಿಸಿಕೊಂಡು, ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕೂತಿದ್ದಳು. ಮಂಚಕ್ಕೂ ಗೋಡೆಗೂ ಎಂಟು ಹೆಜ್ಜೆ, ಆಮೇಲೆ ನಾನು ಎಣಿಸಿದೆ. ಗದ್ದ ಎತ್ತಿರಲಿಲ್ಲ. ನನ್ನ ಹೆಗಲ ಮೇಲಿಂದ ಗೋಡೆಯನ್ನೇ ನೋಡುತ್ತಿದ್ದಳು.

“ತಾತ, ಆ ಪಾಪುಗೆ ಒಂದ್ ಕಣ್ಣು ಮುಚ್ಕೊಂಡೈತೆ,” ಅಂದಳು.