ಎಂಟು ಮಿಲಿಮೀಟರ್ ಸಂದು

ಹಗರಿಬೊಮ್ಮನಹಳ್ಳಿ ಸ್ಟೇಷನ್ ರಸ್ತೆಯ ನಮ್ಮ ವರ್ಕ್‌ಶಾಪಿನಲ್ಲಿ ಸೋಲಾರ್ ಪಂಪಿನ ಕಂಟ್ರೋಲರ್‌ ಪೆಟ್ಟಿಗೆ ಜೋಡಿಸುತ್ತೇವೆ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ನನ್ನ ಕೈಗೆ ಪೂರ್ತಿಯಾಗಿ ಬಂದ ಮೊದಲ ಪೆಟ್ಟಿಗೆ ಗುಡೇಕೋಟೆಯದು. ಅದರ ತಾಪಮಾನವನ್ನು ನಾನು ದಿನಾಂಕ ಹಾಕಿ ಬರೆದಿಡುತ್ತಿದ್ದೆ, ಈಗಲೂ ಬರೆಯುತ್ತೇನೆ.

ಅಲ್ಲಿನ ನಮ್ಮ ಗಿರಾಕಿ ಅಕ್ಕನದು ಕುರಿ ಸಾಕಣೆ, ಜೊತೆಗೆ ಎರಡೆಕರೆ ಟೊಮ್ಯಾಟೊ. ಮೊದಲಿದ್ದ ಪೆಟ್ಟಿಗೆಯಲ್ಲಿ ಫ್ಯಾನ್ ಇತ್ತು. ಕುರಿತುಪ್ಪಳ ಮತ್ತು ಧೂಳು ಸೇರಿ ಫ್ಯಾನ್ ಕಟ್ಟಿ ನಿಂತಿತು. ಹಾಗಾಗಿ ಫ್ಯಾನ್ ಇಲ್ಲದ ಪೆಟ್ಟಿಗೆ ಮಾಡಲು ಮಾಲೀಕರು ನನಗೆ ಹೇಳಿದರು. ಬೋರ್ಡಿನ ಬಿಸಿಯನ್ನು ಹೊರಹಾಕಲು ಪೆಟ್ಟಿಗೆಯ ಹಿಂದೆ ಇಪ್ಪತ್ತು ಸೆಂಟಿಮೀಟರ್ ಎತ್ತರದ ಅಲ್ಯೂಮಿನಿಯಂ ಪಟ್ಟಿಗಳನ್ನು ಸಾಲಾಗಿ ನೆಟ್ಟಗೆ ನಿಲ್ಲಿಸಿದ ಹೀಟ್‌ಸಿಂಕ್ ಇರುತ್ತದೆ. ಯಾವ ಹೀಟ್‌ಸಿಂಕ್ ಹಾಕಬೇಕೆಂಬುದನ್ನು ಮಾತ್ರ ಅವರೇ ಆರಿಸಿದರು.

"ಪಟ್ಟಿ ಹೆಚ್ಚಾದಷ್ಟೂ ತಂಪು ಹೆಚ್ಚು. ಇದಕ್ಕೇನು ಪುಸ್ತಕ ಬೇಕೇನವ್ವ?" ಎಂದು ಅತಿ ಒತ್ತಾದದ್ದನ್ನು ಕೊಟ್ಟರು. ಪಟ್ಟಿ ಎರಡು ಮಿಲಿಮೀಟರ್ ದಪ್ಪ, ನಡುವಿನ ಸಂದು ಮೂರು.

ಆ ಪೆಟ್ಟಿಗೆಯನ್ನು ಗುಡೇಕೋಟೆಯಲ್ಲಿ ಕೂರಿಸಿ ಬಂದೆವು. ಮಾರ್ಚಿನಲ್ಲಿ ಅಕ್ಕ ಫೋನ್ ಮಾಡಿದಳು. "ಕುರಿ ಮಧ್ಯಾಹ್ನ ನೀರಿಗೆ ಬರ್ತಾವ. ಬಾನಿ ಖಾಲಿ ಆಗೋ ಹೊತ್ತಿಗೇ ನಿಮ್ ಡಬ್ಬಿ ನಿಂದರತೈತಿ. ಬಿಸಲು ನೋಡಿ ಹೆದರೋ ಸೋಲಾರ್ ಎಲ್ಲಿ ಸಿಕ್ಕಿತ್ರಿ ನಿಮಗ? ಸೋಮವಾರದ ಮಟ ನೋಡ್ತೀನಿ. ಆಮ್ಯಾಲ ಬಿಚ್ಚಿಕೊಂಡು ಹೋಗ್ರಿ."

ಹೀಟ್‌ಸಿಂಕ್ ಎಂಬತ್ತೈದು ಡಿಗ್ರಿ ಮುಟ್ಟಿದರೆ ಕಂಟ್ರೋಲರ್ ತಾನೇ ಆಫ್ ಆಗುತ್ತದೆ. ಅದೇ ಬಗೆಯ ಇನ್ನೊಂದು ಪೆಟ್ಟಿಗೆಯನ್ನು ಮೇಜಿನ ಮೇಲೆ ಪೂರ್ತಿ ಲೋಡಿನಲ್ಲಿ ಓಡಿಸಿದೆ. ಕೋಣೆಯಲ್ಲಿ ಮೂವತ್ತೆರಡು ಡಿಗ್ರಿ ಇದ್ದರೂ ಅದು ಅರ್ಧ ಗಂಟೆಯೊಳಗೆ ನಿಂತಿತು.

ನಮ್ಮಲ್ಲಿ ಬೆಳಿಗ್ಗೆ ಟೆಸ್ಟಿಂಗ್ ಮೇಜಿಗೆ ಊದುಬತ್ತಿ ಹಚ್ಚುವ ರೂಢಿ. ಉರಿಯುತ್ತಿದ್ದ ಬತ್ತಿಯೊಂದನ್ನು ಕಿತ್ತು ಪಟ್ಟಿಗಳ ಕೆಳಗೆ ಹಿಡಿದೆ. ಹೊಗೆ ಸಂದಿನೊಳಗೆ ನುಗ್ಗಲಿಲ್ಲ. ಬಾಯಿಯಲ್ಲೇ ತಡೆದು ಅಕ್ಕಪಕ್ಕದಿಂದ ಮೇಲೇರಿತು.

ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ಬಿಸಿ ಪಟ್ಟಿಗೆ ಅಂಟಿದ ಗಾಳಿ ಬಿಸಿಯಾಗಿ, ಹಗುರಾಗಿ ಏರುತ್ತದೆ. ಏರುತ್ತ ಆ ಪದರ ದಪ್ಪವಾಗುತ್ತದೆ. ಸಂದು ಕಿರಿದಾದರೆ ಎರಡೂ ಕಡೆಯ ಪದರಗಳು ಬುಡದಲ್ಲೇ ಕೂಡಿಕೊಳ್ಳುತ್ತವೆ. ಗಾಳಿ ಪಟ್ಟಿಗಳಿಗೆ ಉಜ್ಜಿ ತೆವಳುತ್ತದೆ, ಬೇಗನೆ ಪಟ್ಟಿಯಷ್ಟೇ ಬಿಸಿಯಾಗಿ ಮುಂದೆ ಬಿಸಿ ಹೀರದಾಗುತ್ತದೆ. ಪದರಗಳು ತುದಿಯ ಹತ್ತಿರ ಸೇರುವಷ್ಟು ಸಂದು ಇರಬೇಕು. ನಮ್ಮ ಎತ್ತರಕ್ಕೆ, ನಮ್ಮ ಬಿಸಿಗೆ ಲೆಕ್ಕ ಹಾಕಿದರೆ ಸುಮಾರು ಎಂಟು ಮಿಲಿಮೀಟರ್ ಬಂತು. ಒಂದು ಬಿಟ್ಟು ಒಂದು ಪಟ್ಟಿ ಕೊಯ್ದರೆ ಮೂರು, ಎರಡು, ಮೂರು: ಸರಿಯಾಗಿ ಎಂಟು.

ಹ್ಯಾಕ್ಸಾ ಗರಗಸ ಹಿಡಿದ ನನ್ನನ್ನು ಕಂಡು ಮಾಲೀಕರು ಹತ್ತಿರ ಬಂದರು.

"ಅರ್ಧ ಪಟ್ಟಿ ಕೊಯ್ದು ತಂಪು ಮಾಡ್ತೀಯೇನವ್ವ? ಸೆಕಿ ಆತಂತ ಮನಿ ಗೋಡಿ ಕೆಡವಿದಂಗಾತು."

"ನಿಂದರ್ರಿ ಅಣ್ಣಾರ, ಆಮ್ಯಾಲ ಬೈರಿ."

ಕೊಯ್ದು, ಅರದಿಂದ ಉಜ್ಜಿ, ಮತ್ತೆ ಓಡಿಸಿದೆ. ಅದೇ ಲೋಡು, ಅದೇ ಕೋಣೆ. ಎರಡು ಗಂಟೆಯ ನಂತರ ತಾಪಮಾನ ಅರವತ್ತಾರಕ್ಕೆ ನಿಂತಿತು, ಮತ್ತೆ ಏರಲಿಲ್ಲ. ಈಗ ಊದುಬತ್ತಿಯ ಹೊಗೆ ಸಂದಿನೊಳಗೆ ಸರಾಗವಾಗಿ ಸೇರಿ ಮೇಲಿನಿಂದ ಹೊರಬಂತು.

ಮಾಲೀಕರು ಮೀಟರನ್ನು ಎರಡು ಸಲ ತಟ್ಟಿ ನೋಡಿದರು. ನಂತರ ಉತ್ಸಾಹ ನನಗಿಂತ ಅವರಿಗೇ ಹೆಚ್ಚಾಯಿತು. "ಹಂಗಾದ್ರ ಉಳಿದಿದ್ರಾಗೂ ಅರ್ಧ ಕೊಯ್ಯಾಣ. ಐವತ್ತಕ್ಕ ಇಳೀತೈತಿ."

"ಇಳಿಯಂಗಿಲ್ರಿ, ಏರತೈತಿ."

ಅವರು ನಂಬಲಿಲ್ಲ. ಸ್ಟಾಕಿನಲ್ಲಿದ್ದ ಇನ್ನೊಂದು ಹೀಟ್‌ಸಿಂಕನ್ನು ತಾವೇ ಕೊಯ್ದರು, ನಾಲ್ಕರಲ್ಲಿ ಒಂದೇ ಪಟ್ಟಿ ಉಳಿಸಿ. ಅದರ ತಾಪಮಾನ ಎಪ್ಪತ್ತೊಂಬತ್ತಕ್ಕೆ ಹೋಗಿ ನಿಂತಿತು. ನಡುವೆ ತಣ್ಣನೆ ಗಾಳಿ ಯಾವ ಪಟ್ಟಿಯನ್ನೂ ಮುಟ್ಟದೆ ಖಾಲಿ ಕೈಯಲ್ಲಿ ಮೇಲೆ ಹೋಗುತ್ತಿತ್ತು. ಉಳಿದ ಕೆಲವೇ ಪಟ್ಟಿಗಳಿಗೆ ಹೊರೆ ಹೆಚ್ಚಾಗಿತ್ತು.

"ಹೆಚ್ಚಾದ್ರೂ ಕೆಟ್ಟಿತು, ಕಡಿಮಿ ಆದ್ರೂ ಕೆಟ್ಟಿತು. ಬಲು ಮೊಂಡು ಐತಿ ನಿನ್ ಗಾಳಿ," ಎಂದರು. ಆ ಹೀಟ್‌ಸಿಂಕನ್ನು ಇಂದಿಗೂ ಎಸೆದಿಲ್ಲ. ಬಿಲ್ಲಿನ ಕಾಗದ ಹಾರದಂತೆ ಒತ್ತಿಡಲು ಬಳಸುತ್ತಾರೆ.

ಸೋಮವಾರ ಕೂಡ್ಲಿಗಿ ದಾಟಿ ಗುಡೇಕೋಟೆಗೆ ಹೋದೆ. ಹಳೆಯದನ್ನು ಬಿಚ್ಚಿ, ಪ್ಯಾನೆಲ್ಲಿನ ನೆರಳಲ್ಲಿ, ಕೆಳಗೂ ಮೇಲೂ ಗೇಣು ಜಾಗ ಬಿಟ್ಟು ನಾನು ಪಟ್ಟಿ ಕೊಯ್ದ ಪೆಟ್ಟಿಗೆ ಬಿಗಿದೆ. ಅಕ್ಕ ನನ್ನ ಚೀಲದಿಂದ ಸ್ಪ್ಯಾನರ್ ತೆಗೆದು ಕೊಟ್ಟಳು. ಕುರಿಗಳು ಬಂದವು, ಬಾನಿಗೆ ಮುಗಿಬಿದ್ದವು. ನೀರು ತಳ ಕಂಡಿತು. ಆದರೆ ಪೈಪಿನ ಧಾರೆ ಸಣ್ಣಗಾಗಲಿಲ್ಲ. ಹೊರಗೆ ಮೂವತ್ತೊಂಬತ್ತು, ಹೀಟ್‌ಸಿಂಕ್ ಎಪ್ಪತ್ತನಾಲ್ಕು. ಕೊನೆಯ ಕುರಿ ತಲೆ ಎತ್ತಿದ ಮೇಲೂ ಬಾನಿ ತುಂಬುತ್ತಲೇ ಇತ್ತು.

ಅಕ್ಕ ಪಟ್ಟಿಗಳ ಮೇಲೆ ಅಂಗೈ ಚಾಚಿದಳು, ಏರಿ ಬರುತ್ತಿದ್ದ ಬಿಸಿ ಗಾಳಿಗೆ ಥಟ್ಟನೆ ಹಿಂದೆ ಎಳೆದಳು.

"ಫ್ಯಾನ್ ಇಲ್ಲಂದಿ, ಗಾಳಿ ಬರ್ತೈತಲ್ಲಬೇ."

"ಅದೇರಿ ಅಕ್ಕಾರ, ಅದೇ ಫ್ಯಾನು."

"ಸ್ಪ್ಯಾನರ್ ಒಯ್ಯಿ. ಡಬ್ಬಿ ಇಲ್ಲೇ ಇರ್ಲಿ," ಎಂದು ಬಾನಿಯಿಂದ ಒಂದು ಬೊಗಸೆ ನೀರು ಮುಖಕ್ಕೆ ಹಾಕಿಕೊಂಡು ಕುರಿಗಳ ಹಿಂದೆ ನಡೆದಳು.